ಅಡುಗೆಮನೆಯ ಒಂದು ನೆನಪು, ಪ್ರಬಂಧದ ಮೊದಲ ಪ್ಯಾರಾ



ಈ ಪೋಸ್ಟ್ ಉದ್ದ ಇದೆ. ಸಂಜೆ ಆಫೀಸ್ ಮುಗಿಸಿ ಬಸ್ಸಲ್ಲಿ ಕೂತಾಗ ಓದಿ.

ನಮ್ಮ ಭಾನುವಾರದ ಓದು ಬಳಗಕ್ಕೆ ಬರುವ ಹುಡುಗ ಹುಡುಗಿಯರು ಈಗೀಗ ತಮ್ಮ ಬದುಕಿನ ಬಗ್ಗೆ ಬರೆದು ನನಗೆ ಕಳಿಸ್ತಿದ್ದಾರೆ. ಓದ್ತಾ ಹೋದ ಹಾಗೆ ಒಂದು ವಿಷಯ ಗಮನಕ್ಕೆ ಬಂತು. ಮುಕ್ಕಾಲು ಪಾಲು ಬರಹ ಶುರುವಾಗೋದು ಅವ್ವನ ಅಡುಗೆಮನೆಯಿಂದ. ಹೊಗೆ, ಒಲೆ, ಮಡಕೆ, ಮುದ್ದೆ. ಒಂದರ ಮೊದಲ ಪ್ಯಾರಾ ತೆಗೆದು ಇನ್ನೊಂದಕ್ಕೆ ಅಂಟಿಸಿದರೂ ಯಾರಿಗೂ ಗೊತ್ತಾಗಲ್ಲ. ಬರೆದವರ ಬದುಕು ಬೇರೆ ಬೇರೆ, ಅಡುಗೆಮನೆ ಮಾತ್ರ ಎಲ್ಲರದ್ದೂ ಒಂದೇ ಆಗಿಬಿಟ್ಟಿದೆ. ಇದು ಯಾಕೆ ಹೀಗಾಗುತ್ತೆ, ಸರಿ ಮಾಡೋದು ಹೇಗೆ ಅನ್ನೋದನ್ನ ಒಬ್ಬ ಹುಡುಗಿಯ ಬರಹ ಇಟ್ಟುಕೊಂಡೇ ಹೇಳ್ತೀನಿ. ಅವಳ ಒಪ್ಪಿಗೆ ತಗೊಂಡಿದ್ದೀನಿ. ಹೆಸರು, ಊರು ಹಾಕಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಅವಳಿಗೆ ಇಪ್ಪತ್ಮೂರು ವಯಸ್ಸು. ಡಿಗ್ರಿ ಮುಗಿಯೋವರೆಗೆ ಹಾಸ್ಟೆಲ್‌ನಲ್ಲಿದ್ದಳು. ಈಗ ಬೆಂಗಳೂರಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ, ಬಾಡಿಗೆ ರೂಮು. ಆ ರೂಮು ಸಿಗೋಕೆ ಮುಂಚೆ ಏಳು ಮನೆ ನೋಡಿದ್ದಾಳೆ. "ಅಡ್ವಾನ್ಸ್ ಎಷ್ಟು ಕೊಡ್ತೀರಾ" ಅನ್ನೋಕಿಂತ ಮುಂಚೆ "ನಾನ್‌ವೆಜ್ ಮಾಡ್ತೀರಾ" ಅಂತ ಕೇಳಿದ್ದಾರೆ. ಮಾಡಲ್ಲ ಅಂದರೆ "ಯಾವ ಜನ ನೀವು" ಅಂತ ಕೇಳಿದ್ದಾರೆ. ಅದರ ಬಗ್ಗೆ ಬರೀಬೇಕು ಅಂತ ಕೂತಳು. ಮೊದಲು ಕಳಿಸಿದ ಪ್ಯಾರಾ ಇದು.

"ನಮ್ಮ ಅಡುಗೆಮನೆ ಎಂದರೆ ನನಗೆ ನೆನಪಾಗುವುದು ಅವ್ವನ ಕೈರುಚಿ, ಒಲೆಯ ಹೊಗೆ, ಪಾತ್ರೆಗಳ ಸದ್ದು, ಹಸಿವಿನ ಬಣ್ಣ. ಸಾವಿರಾರು ವರ್ಷಗಳ ನೋವು ಆ ಒಲೆಯಲ್ಲಿ ಉರಿಯುತ್ತಿತ್ತು. ಅವ್ವ ತನ್ನ ಕಣ್ಣೀರು ಬೆರೆಸಿ ನಮಗೆ ಮುದ್ದೆ ಉಣಿಸುತ್ತಿದ್ದಳು."

ಓದಿದ ತಕ್ಷಣ ಫೋನ್ ಮಾಡಿ ಕೇಳಿದೆ. "ಹಸಿವಿನ ಬಣ್ಣ ಯಾವುದವ್ವಾ?"

ಅವಳು ನಕ್ಕಳು. "ಗೊತ್ತಿಲ್ಲಕ್ಕ, ಚೆನ್ನಾಗಿರುತ್ತೆ ಅಂತ ಹಾಕಿದೆ."

"ನಿನಗೆ ರೂಮು ಸಿಗದೇ ಇದ್ದದ್ದಕ್ಕೂ ಅವ್ವನ ಕೈರುಚಿಗೂ ಏನು ಸಂಬಂಧ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸಂಬಂಧ ಇದೆ ಅಕ್ಕ. ಆದರೆ ಈ ಪ್ಯಾರಾದಲ್ಲಿ ಇಲ್ಲ."

ಸರಿಯಾಗೇ ಹೇಳಿದಳು. ನಾನು ಇಪ್ಪತ್ತು ವರ್ಷದಿಂದ ಗುಮಾಸ್ತೆ ಕೆಲಸ ಮಾಡ್ತಿರೋಳು. ಯಾವುದೇ ಪತ್ರ ಬರೆಯುವಾಗ ಮೇಲೆ "ವಿಷಯ" ಅಂತ ಒಂದು ಸಾಲು ಹಾಕದೇ ಕೈ ಮುಂದಕ್ಕೆ ಹೋಗಲ್ಲ. ಆ ಸಾಲು ನೋಡಿದ ಸಾಹೇಬರಿಗೆ ಕೆಳಗೆ ಏನು ಬರುತ್ತೆ ಅಂತ ಗೊತ್ತಾಗಬೇಕು. ಸ್ವಂತ ಬದುಕಿನ ಪ್ರಬಂಧಕ್ಕೆ "ವಿಷಯ" ಅಂತ ಹಾಕೋಕಾಗಲ್ಲ. ಆ ಸಾಲಿನ ಕೆಲಸವನ್ನ ಮೊದಲ ಪ್ಯಾರಾದ ನೆನಪು ಮಾಡಬೇಕು. ಬಾಡಿಗೆ ಮನೆಯ ಬಗ್ಗೆ ಬರೆಯುವವಳ ಅಡುಗೆಮನೆ ನೆನಪಿನೊಳಗೆ ಬಾಡಿಗೆ ಮನೆಯ ತಕರಾರು ಆಗಲೇ ಕೂತಿರಬೇಕು. ಇಲ್ಲದಿದ್ದರೆ ಆ ನೆನಪು ಎಷ್ಟು ಚೆಂದ ಇದ್ದರೂ ಈ ಪ್ರಬಂಧದ್ದಲ್ಲ, ಬೇರೆ ಪ್ರಬಂಧದ್ದು.

ನನ್ನದೇ ಉದಾಹರಣೆ ಹೇಳ್ತೀನಿ. ನಮ್ಮ ಮನೇಲಿ ರಾಗಿಹಿಟ್ಟನ್ನ ಎಣ್ಣೆಯ ಹಳೇ ತಗಡಿನ ಡಬ್ಬದಲ್ಲಿ ಇಡ್ತಿದ್ರು. ಅವ್ವ ತೆಂಗಿನ ಚಿಪ್ಪಲ್ಲಿ ಹಿಟ್ಟು ಮೊಗೀತಿದ್ಳು. ಡಬ್ಬ ತುಂಬಿದ್ದಾಗ ಸದ್ದೇ ಬರಲ್ಲ. ಅರ್ಧಕ್ಕೆ ಬಂದಾಗ ಚಿಪ್ಪು ಡಬ್ಬದ ಗೋಡೆಗೆ ತಾಗಿ ಟಣ್ ಅನ್ನೋದು. ತಳಕ್ಕೆ ಬಂದಾಗ ಕರ್ರ್ ಅಂತ ಕೆರೆಯೋ ಸದ್ದು. ಹೊರಗೆ ಆಡ್ತಿದ್ದ ನಾನೂ ನನ್ನ ತಮ್ಮನೂ ಆ ಸದ್ದು ಕೇಳೇ ಇವತ್ತು ಮುದ್ದೆಯೋ ಅಂಬಲಿಯೋ ಅಂತ ಹೇಳ್ತಿದ್ವಿ. ಪಡಿತರದ ಬಗ್ಗೆ, ತಿಂಗಳ ಕೊನೆಯ ಲೆಕ್ಕದ ಬಗ್ಗೆ ಬರೆದಾಗ ನಾನು ಈ ಸದ್ದಿನಿಂದಲೇ ಶುರು ಮಾಡಿದ್ದೆ, ಕೂತಿತು. ಆಫೀಸಲ್ಲಿ ನಡೆಯೋ ಜಾತಿ ಬಗ್ಗೆ ಬರೆಯುವಾಗ ಅದೇ ಸದ್ದು ತಂದರೆ ಕೂರಲ್ಲ. ಆ ಸದ್ದಿನ ಒಳಗೆ ಇರೋದು "ಎಷ್ಟು ಉಳಿದಿದೆ" ಅನ್ನೋ ಪ್ರಶ್ನೆ. ಆಫೀಸಿನ ಜಾತಿ ಕೇಳೋದು "ಯಾರು ನೀನು" ಅನ್ನೋ ಪ್ರಶ್ನೆ.

ಹಾಗಾಗಿ ಆ ಹುಡುಗಿಗೆ ಒಂದು ಕೆಲಸ ಕೊಟ್ಟೆ. "ನಿಮ್ಮ ಅಡುಗೆಮನೆಯ ಹತ್ತು ನೆನಪು ಪಟ್ಟಿ ಮಾಡು. ಒಂದೊಂದೂ ಒಂದೇ ಸಾಲು. ಆಮೇಲೆ ಒಂದೊಂದರ ಮುಂದೂ, ಇದನ್ನ ಕೇಳಿದವರು ಏನು ಪ್ರಶ್ನೆ ಕೇಳ್ತಾರೆ ಅಂತ ಬರಿ."

ಪಟ್ಟಿ ಬಂತು. ಅದರಲ್ಲಿ ಅವ್ವ ಮುದ್ದೆ ಕಟ್ಟೋದು ಇತ್ತು, ಪ್ರಶ್ನೆ ಏನೂ ಹುಟ್ಟಲ್ಲ. ಹಬ್ಬದ ದಿನ ಹೋಳಿಗೆ ಇತ್ತು, ಅದಕ್ಕೂ ಪ್ರಶ್ನೆ ಇಲ್ಲ. ಏಳನೇದು ಹೀಗಿತ್ತು: "ಅವ್ವ ಒಣಬಾಡು ಸುಡುವಾಗ ಕಿಟಕಿಗೆ ಒದ್ದೆ ಗೋಣಿ ಹಾಕ್ತಿದ್ಳು." ಅದರ ಮುಂದೆ ಅವಳೇ ಬರೆದಿದ್ದಳು: "ಯಾಕೆ ಗೋಣಿ?"

ಸಿಕ್ತು. ಆಗ ಅವರು ತಾಲೂಕು ಕೇಂದ್ರದಲ್ಲಿ ಒಂದು ವಠಾರದ ಬಾಡಿಗೆ ಮನೇಲಿದ್ರು. ಓನರ್ ಮನೆ ಎದುರಿಗೇ. ಅವಳಿಗೆ ಆರು ವರ್ಷ. ಬಾಡಿಗೆ ಮನೆ, ಬಾಡು, ಮುಚ್ಚಿಟ್ಟುಕೊಳ್ಳೋದು, ಮೂರೂ ಒಂದೇ ಗೋಣಿಯಲ್ಲಿ ಇತ್ತು. ಎರಡನೇ ಸಲ ಬರೆದು ಕಳಿಸಿದಳು.

"ಅವ್ವ ಕೆಂಡದ ಮೇಲೆ ಒಣಬಾಡು ಸುಡುತ್ತಿದ್ದಳು. ಅದರ ಘಮ ಇಡೀ ಮನೆಯನ್ನು ತುಂಬುತ್ತಿತ್ತು. ಅದು ಹೊರಗೆ ಹೋಗದಂತೆ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದಳು. ಏಕೆಂದರೆ ನಾವು ದಲಿತರು ಎಂದು ಓನರಿಗೆ ಗೊತ್ತಾಗಬಾರದಿತ್ತು."

ಮೊದಲನೇದಕ್ಕಿಂತ ನೂರು ಪಾಲು ವಾಸಿ. ಆದರೂ ಮೂರು ಕಡೆ ನಿಲ್ಲಿಸಿದೆ.

ಒಂದನೇದು, "ಘಮ" ಅನ್ನೋ ಪದ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇದು ನಮ್ಮ ಪಾಲಿಗೆ ದೊಡ್ಡ ವಿಷಯ. ಕನ್ನಡದಲ್ಲಿ ಮೂಗಿಗೆ ಸಂಬಂಧಪಟ್ಟ ಪದ ಎರಡು ಥರ ಇವೆ. ಒಂದು ಥರದವು ತೀರ್ಪು ಕೊಡ್ತವೆ. ಪರಿಮಳ, ಕಂಪು, ಘಮ ಅಂದರೆ ಒಳ್ಳೇದು. ನಾತ, ಗಬ್ಬು ಅಂದರೆ ಕೆಟ್ಟದ್ದು. "ವಾಸನೆ" ಅನ್ನೋದು ಹಿಂದೆ ಎರಡಕ್ಕೂ ನಡೀತಿತ್ತು, ಈಗ ಯಾರಾದರೂ "ಏನೋ ವಾಸನೆ" ಅಂದರೆ ಮೂಗು ಮುಚ್ಚಿಕೊಂಡೇ ಹೇಳ್ತಿದ್ದಾರೆ ಅಂತ ಅರ್ಥ. ಇನ್ನೊಂದು ಥರದ ಪದಗಳು ತೀರ್ಪು ಕೊಡಲ್ಲ, ಕಾರಣ ಹೇಳ್ತವೆ. ಘಾಟು ಅಂದರೆ ಮೆಣಸಿನಕಾಯಿ ಹುರಿದದ್ದು. ಕಮಟು ಅಂದರೆ ಎಣ್ಣೆ ಹಳೇದಾಗಿದೆ. ಸೀದದ್ದು ಅಂದರೆ ತಳ ಹಿಡಿದಿದೆ. ಮುಗ್ಗಲು ಅಂದರೆ ಕಾಳು ತೇವದಲ್ಲಿತ್ತು. ಹಸಿ ಅಂದರೆ ಮಸಾಲೆ ಇನ್ನೂ ಬೇಯಬೇಕು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಧ್ಯಾಹ್ನ ಡಬ್ಬಿ ಮುಚ್ಚಳ ತೆಗೆದರೆ ಪಕ್ಕದ ಟೇಬಲ್ಲಿನವರು ಎದ್ದು ಫ್ಯಾನ್ ಜೋರು ಮಾಡ್ತಿದ್ರು. ಒಂದು ಮಾತೂ ಆಡ್ತಿರಲಿಲ್ಲ. ಡಬ್ಬಿಯಲ್ಲಿ ಇರ್ತಿದ್ದದ್ದು ಹುರುಳಿಕಾಳು ಸಾರು, ಮುದ್ದೆ. ಅವರ ಮೂಗಿಗೆ ಬಂದದ್ದು ಹುರುಳಿ ಅಲ್ಲ, ನಾನು. ಇಂಥ ತೀರ್ಪುಗಳ ನಡುವೆ ಬೆಳೆದ ನಾವು ಬರೆಯೋಕೆ ಕೂತಾಗ ತೀರ್ಪಿನ ಪದವನ್ನೇ ಎತ್ಕೋತೀವಿ. ಅವರು ನಾತ ಅಂದರು, ನಾವು ಘಮ ಅಂತೀವಿ. ಆಗ ಓದುವವರ ಗಮನ ಬಾಡಿನಿಂದ ಜಾರಿ, ಇದು ಘಮವೋ ನಾತವೋ ಅನ್ನೋ ಜಗಳಕ್ಕೆ ಹೋಗುತ್ತೆ. ಬಾಡು ತಿನ್ನುವವರು ಹೌದೌದು ಅಂತಾರೆ, ತಿನ್ನದವರು ಮುಖ ಸಿಂಡರಿಸ್ತಾರೆ. ಮೊದಲ ಪ್ಯಾರಾದಲ್ಲೇ ಆ ಜಗಳ ಬೇಡ. ಕಾರಣ ಹೇಳೋ ಪದ ಹಾಕಿ, ಇಲ್ಲವೇ ಮೂಗನ್ನೇ ಬಿಡಿ.

ಅವಳಿಗೆ ನಾನು ಅದನ್ನೇ ಕೇಳಿದೆ. "ಆ ರಾತ್ರಿ ನಿನ್ನ ಮೈಗೆ ಏನಾಯ್ತು? ಮೂಗಿಗೆ ಬಿಡು, ಬೇರೆ ಎಲ್ಲಿಗೆ?"

"ಕಣ್ಣು ಉರೀತಿತ್ತಕ್ಕ. ಕಿಟಕಿ ಮುಚ್ಚಿದ್ರಲ್ಲ, ಹೊಗೆ ಎಲ್ಲಾ ಒಳಗೇ. ಕಣ್ಣು ಬಿಡೋಕಾಗ್ತಿರಲಿಲ್ಲ."

ನೋಡಿ, ಬಾಡಿನ ವಾಸನೆ ಎಲ್ಲರೂ ಊಹಿಸೋ ನೆನಪು. ಕಣ್ಣುರಿ ಅವಳ ನೆನಪು. ವಾಸನೆ ಹೇಳಿದರೆ ಓದುವವರು ತೀರ್ಪು ಕೊಡ್ತಾರೆ. ಕಣ್ಣುರಿ ಹೇಳಿದರೆ "ಕಿಟಕಿ ಯಾಕೆ ತೆಗೀಲಿಲ್ಲ" ಅಂತ ಕೇಳ್ತಾರೆ. ನಮಗೆ ಬೇಕಿದ್ದದ್ದು ಆ ಪ್ರಶ್ನೆಯೇ.

ಎರಡನೇದು, ಕ್ರಿಯಾಪದ. ಸುಡುತ್ತಿದ್ದಳು, ತುಂಬುತ್ತಿತ್ತು, ಕಟ್ಟುತ್ತಿದ್ದಳು. ನಾವು ಬಾಲ್ಯ ಬರೆಯುವಾಗ "ಉತ್ತಿದ್ದಳು" ತಾನಾಗೇ ಬಂದುಬಿಡುತ್ತೆ. ಅದು ದಿನಾ ನಡೀತಿದ್ದ ರೂಢಿಯನ್ನ ಹೇಳುತ್ತೆ. ರೂಢಿಗೆ ಒಂದು ರಾತ್ರಿ ಇರಲ್ಲ, ಒಂದು ಗಂಟೆ ಇರಲ್ಲ, ಹಾಗಾಗಿ ಕಣ್ಣಿಗೆ ಕಟ್ಟಲ್ಲ. "ಕಟ್ಟಿದಳು" ಅಂತ ಬರೆದು ನೋಡಿ. ತಕ್ಷಣ ನಿಮ್ಮನ್ನೇ ನೀವು ಕೇಳ್ಕೋಬೇಕಾಗುತ್ತೆ: ಎಷ್ಟು ಹೊತ್ತಿಗೆ? ಯಾವುದರಿಂದ? ಮೊದಲು ಗೋಣಿಯೋ ಮೊದಲು ಬಾಡೋ? ಆ ಪ್ರಶ್ನೆಗಳೇ ವಿವರ ತರ್ತವೆ. ಒಂದು ರಾತ್ರಿಯನ್ನ ಹಿಡಿದು ಬರೆಯಿರಿ. ರೂಢಿ ಅಂತ ಹೇಳಬೇಕಾದರೆ ಆಮೇಲೆ ಒಂದು ಸಾಲಲ್ಲಿ ಹೇಳಬಹುದು.

ಮೂರನೇದು, "ಏಕೆಂದರೆ". ಆ ಒಂದು ಪದ ಅವಳ ಎಂಟು ಪುಟದ ಪ್ರಬಂಧವನ್ನ ನಾಲ್ಕನೇ ಸಾಲಲ್ಲೇ ಮುಗಿಸಿಬಿಟ್ಟಿತ್ತು. ಉತ್ತರ ಸಿಕ್ಕ ಮೇಲೆ ಯಾರು ಮುಂದೆ ಓದ್ತಾರೆ? ಅಲ್ಲದೆ ಆರು ವರ್ಷದ ಮಗುವಿಗೆ "ಏಕೆಂದರೆ" ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಗೋಣಿ, ಹೊಗೆ, ಅವ್ವನ ಕೈ. ಮಗುವಿಗೆ ಗೊತ್ತಿದ್ದಷ್ಟೇ ಮೊದಲ ಪ್ಯಾರಾದಲ್ಲಿ ಇರಲಿ. ಇಪ್ಪತ್ಮೂರರ ಹುಡುಗಿಗೆ ಗೊತ್ತಿರೋದು ಎರಡನೇ ಪ್ಯಾರಾದಿಂದ ಬರಲಿ. ಇದು ಮುಚ್ಚುಮರೆ ಅಲ್ಲ. ಅದು ಯಾವ ಬಾಡು, ನಾವು ಯಾರು ಅನ್ನೋದನ್ನ ಅವಳು ಮುಂದೆ ಬೇಕಾದ ಜಾಗದಲ್ಲಿ ನೇರವಾಗೇ ಬರೆದಿದ್ದಾಳೆ. ಯಾವ ಮಾತು ಮೊದಲು, ಯಾವ ಮಾತು ಆಮೇಲೆ ಅನ್ನೋ ಪ್ರಶ್ನೆ ಅಷ್ಟೇ.

ಬಾಬಾಸಾಹೇಬರ "ವೇಟಿಂಗ್ ಫಾರ್ ಎ ವೀಸಾ" ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ. 1901ರಲ್ಲಿ ಮಕ್ಕಳು ಅಪ್ಪನನ್ನ ನೋಡೋಕೆ ರೈಲು ಹತ್ತಿ ಹೊರಟ ಪ್ರಸಂಗ. ಅಲ್ಲಿ ಅವರು "ನಮಗೆ ಸಂಭ್ರಮ ಆಗಿತ್ತು" ಅಂತ ಹೇಳಿ ಮುಂದಕ್ಕೆ ಹೋಗಲ್ಲ. ಹೊಸ ಅಂಗಿ, ಮಿನುಗೋ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆ ಅಂತ ಒಂದೊಂದಾಗಿ ಹೇಳ್ತಾರೆ. ಆ ರಾತ್ರಿ ಮಕ್ಕಳ ಹತ್ತಿರ ಕಟ್ಟಿಕೊಂಡು ಬಂದ ಊಟ ಇದೆ, ಕುಡಿಯೋಕೆ ನೀರು ಸಿಗಲ್ಲ, ಊಟ ಇದ್ದೂ ಹಸಿದೇ ಮಲಗ್ತಾರೆ. ಊಟ ಇದೆ, ನೀರಿಲ್ಲ. ಅಸ್ಪೃಶ್ಯತೆ ಎಷ್ಟು ಕ್ರೂರ ಅಂತ ಹೇಳೋಕೆ ಅದಕ್ಕಿಂತ ಹೆಚ್ಚಿನ ವಿಶೇಷಣ ಬೇಕಾಗಿಲ್ಲ.

ಮೂರನೇ ಸಲ ಬರೆಯೋಕೆ ಮುಂಚೆ ಅವಳಿಗೆ ಇನ್ನೊಂದು ಮಾತು ಹೇಳಿದೆ. "ನಿಮ್ಮವ್ವನ್ನ ಕೇಳು." ಆರು ವರ್ಷದ ನೆನಪು ಅರ್ಧ ನಮ್ಮದು, ಅರ್ಧ ಆಮೇಲೆ ಮನೆಯವರು ಹೇಳಿದ್ದು ಸೇರ್ಕೊಂಡಿರುತ್ತೆ. ಕೇಳಿ ನೋಡೋದು ಒಳ್ಳೇದು. ಅದರಲ್ಲೂ ನಮ್ಮಂಥವರ ಬರಹದಲ್ಲಿ ಒಂದು ಸಣ್ಣ ವಿವರ ತಪ್ಪಿದರೆ "ಎಲ್ಲಾ ಕಟ್ಟುಕಥೆ" ಅನ್ನೋಕೆ ಜನ ಕಾಯ್ತಾ ಇರ್ತಾರೆ.

ಅವಳು ಅವ್ವನಿಗೆ ಫೋನ್ ಮಾಡಿದಳು. ಬಾಗಿಲ ಸಂದಿಗೆ ತುರುಕಿದ್ದು ಅವ್ವನ ಸೀರೆ ಅಂತ ಅವಳ ನೆನಪು. ಅವ್ವ, "ಸೀರೆ ಎಲ್ಲಿತ್ತೇ ತುರುಕೋಕೆ? ನಿಮ್ಮಪ್ಪನ ಹಳೇ ಲುಂಗಿ ಅದು" ಅಂದರು. ಗೋಣಿ ಯಾಕೆ ಒದ್ದೆ ಮಾಡ್ತಿದ್ದೆ ಅಂತ ಕೇಳಿದ್ದಕ್ಕೆ, "ಒಣಗೋಣಿ ಹಾಕಿದ್ರೆ ಹೊಗೆ ಸಂದೀಲಿ ತೂರ್ಕೊಂಡು ಹೋಗ್ತದೆ ಕಣೆ. ಒದ್ದೆ ಆದ್ರೆ ಒಸಿ ತಡೀತದೆ" ಅಂದರು. ಆಮೇಲೆ ತಾವಾಗೇ ಇನ್ನೊಂದು ಮಾತು ಹೇಳಿದರಂತೆ. "ಅದ್ಕೂ ಮುಂಚೆ ಒಂದು ಮನೆ ಬಿಡ್ಸಿದ್ರಲ್ಲ. ನೀನಾಗ ಹೊಟ್ಟೇಲಿದ್ದೆ."

ಹುಡುಗಿಗೆ ಇದು ಗೊತ್ತೇ ಇರಲಿಲ್ಲ. ಇಪ್ಪತ್ಮೂರು ವರ್ಷ ಆ ಮಾತು ಮನೇಲಿ ಬಂದಿರಲಿಲ್ಲ. ನನಗೆ ಫೋನ್ ಮಾಡಿದಾಗ ದನಿ ನಡುಗ್ತಿತ್ತು. "ಅಕ್ಕ, ಇದನ್ನೇ ಮೊದಲು ಹಾಕಬೇಕು."

"ಬೇಡ ಕಣವ್ವ," ಅಂದೆ. "ಅದು ನಿನ್ನ ನೆನಪಲ್ಲ, ನಿಮ್ಮವ್ವ ಹೇಳಿದ್ದು. ಎರಡನೇ ಪುಟದಲ್ಲಿ, ಅವ್ವ ಹೇಳಿದ ಹಾಗೇ ಹಾಕು. ಗೋಣಿ ಯಾಕೆ ಅಂತ ಕೇಳ್ಕೊಂಡು ಬಂದವರಿಗೆ ಅಲ್ಲಿ ಸಿಗಲಿ."

ಇದಕ್ಕೆ ನಾನು ಇಟ್ಟುಕೊಂಡಿರೋ ನಿಯಮ ಸರಳ. ವಸ್ತುಗಳ ವಿಷಯದಲ್ಲಿ, ಸೀರೆಯೋ ಲುಂಗಿಯೋ, ದೊಡ್ಡವರ ಮಾತು ತಗೊಳ್ಳಿ. ಮೈಗೆ ಆದದ್ದು ನಿಮ್ಮದು, ಅದನ್ನ ಯಾರೂ ತಿದ್ದೋಕಾಗಲ್ಲ. ಇಬ್ಬರೂ ಬೇರೆ ಬೇರೆ ಹೇಳಿ ತೀರ್ಮಾನ ಆಗದೇ ಹೋದರೆ "ಸೀರೆಯೋ ಲುಂಗಿಯೋ" ಅಂತಲೇ ಬರೆದುಬಿಡಿ, ಅದಕ್ಕೇನೂ ನಷ್ಟವಿಲ್ಲ. ಕೇಳೋಕೆ ಅವ್ವ ಇಲ್ಲದವರು ಅಕ್ಕನನ್ನೋ ಅತ್ತೆಯನ್ನೋ ಆಗ ಪಕ್ಕದ ಮನೇಲಿದ್ದವರನ್ನೋ ಕೇಳಿ.

ಮೂರನೇ ಸಲ ಬಂದದ್ದು ಇದು.

"ಓನರ್ ಮನೆಯ ಲೈಟ್ ಆರಿದ ಮೇಲೆ ಅವ್ವ ಗೋಣಿಚೀಲವನ್ನು ಬಕೆಟ್ಟಿನಲ್ಲಿ ಅದ್ದಿದಳು. ಹಿಂಡಲಿಲ್ಲ. ನೀರು ಸೋರುತ್ತಿದ್ದ ಹಾಗೇ ಕಿಟಕಿಯ ಸರಳಿಗೆ ಸಿಕ್ಕಿಸಿದಳು. ಬಾಗಿಲ ಸಂದಿಗೆ ಅಪ್ಪನ ಹಳೇ ಲುಂಗಿ ತುರುಕಿದಳು. ಆಮೇಲೆ ಕೆಂಡ ಕೆದಕಿ ಎರಡು ತುಂಡು ಒಣಬಾಡು ಇಟ್ಟಳು. ಹೊಗೆಗೆ ಹೋಗಲು ದಾರಿಯಿರಲಿಲ್ಲ. ನನ್ನ ಕಣ್ಣು ಉರಿಯಿತು, ಮುಚ್ಚಿದರೂ ಉರಿಯಿತು. ಕೆಮ್ಮು ಬಂತು. ಅವ್ವ ಒಂದು ಕೈಯಲ್ಲಿ ನನ್ನ ಬಾಯಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಬಾಡು ತಿರುಗಿಸಿದಳು. ಅವಳ ಅಂಗೈ ಉಪ್ಪುಪ್ಪಾಗಿತ್ತು."

ಆಫೀಸ್ ಕಾರಿಡಾರಲ್ಲಿ ನಿಂತು ಓದಿದೆ. ಎರಡು ಸಲ ಓದಿದೆ. ನೋವು, ಹಸಿವು, ಜಾತಿ, ಶತಮಾನ, ಯಾವ ಪದವೂ ಇಲ್ಲ. ಆದರೆ ಒಬ್ಬ ತಾಯಿ ತನ್ನ ಮಗುವಿನ ಕೆಮ್ಮು ಆಚೆ ಕೇಳಬಾರದು ಅಂತ ಬಾಯಿ ಮುಚ್ಚಿ ಹಿಡಿದು ಅಡುಗೆ ಮಾಡ್ತಿದ್ದಾಳೆ. ಇದಕ್ಕಿಂತ ಏನು ಹೇಳಬೇಕು?

ಒಂದೇ ಒಂದು ಸಾಲು ತೆಗೆಸಿದೆ, ಕೊನೆಯದು. ಉಪ್ಪುಪ್ಪು ಅಂಗೈ. ಅವಳಿಗೆ ಬೇಜಾರಾಯ್ತು, ಅದು ಅವಳಿಗೆ ಇಷ್ಟದ ಸಾಲು. ಚೆನ್ನಾಗೂ ಇತ್ತು. ಆದರೆ ಕಣ್ಣುರಿಯ ಪ್ಯಾರಾಗೆ ನಾಲಿಗೆಯ ರುಚಿ ಬಂದು ಸೇರಿದರೆ ಓದುವವರ ಮೈ ಎರಡು ಕಡೆ ಎಳೆದ ಹಾಗಾಗುತ್ತೆ. ಲಂಗರು ಒಂದೇ ಇರಬೇಕು. ಕಣ್ಣು, ಮೂಗು, ಕಿವಿ, ನಾಲಿಗೆ, ಚರ್ಮ ಅಂತ ಐದೂ ತುಂಬಿಸಿದರೆ ಪರೀಕ್ಷೆಗೆ ಉತ್ತರ ಬರೆದ ಹಾಗಿರುತ್ತೆ. ತೆಗೆದದ್ದನ್ನ ಎಸೀಬೇಡ ಅಂತಲೂ ಹೇಳಿದೆ. ಅವಳು ಅದನ್ನ ಆರನೇ ಪುಟಕ್ಕೆ ಸಾಗಿಸಿದಳು. ಮನೆ ನೋಡೋಕೆ ಹೋದ ಕಡೆ ಒಬ್ಬ ಓನರಮ್ಮ "ನೀವು ಯಾವ ಜನ" ಅಂತ ಕೇಳಿದಾಗ ಇವಳಿಗೆ ಉತ್ತರ ಬರದೇ ಬಾಯಿ ಕಟ್ಟಿದ ಜಾಗ ಅದು. ಅಲ್ಲಿ ಆ ಉಪ್ಪು ನಾಲಿಗೆಗೆ ಬರುತ್ತೆ. ಮೊದಲ ಪುಟದಲ್ಲಿ ಅದು ಬರೀ ವಿವರವಾಗಿತ್ತು. ಆರನೇ ಪುಟದಲ್ಲಿ ಅವಳ ಬಾಯಿಯ ಮೇಲೆ ಈಗಲೂ ಇರೋ ಕೈ ಆಯ್ತು.

ಇನ್ನು ನೆನಪಿನಿಂದ ವಿಷಯಕ್ಕೆ ದಾಟೋ ಸಾಲು. ಬಹಳ ಜನ ಜಾರೋದು ಇಲ್ಲೇ. ನೆನಪು ಚೆನ್ನಾಗಿ ಬರೀತಾರೆ, ಆಮೇಲೆ "ಇಂದಿಗೂ ನಮ್ಮ ಸಮಾಜದಲ್ಲಿ" ಅಂತ ಹಾರಿಬಿಡ್ತಾರೆ. ಅಡುಗೆಮನೆಯಿಂದ ನೇರ ವೇದಿಕೆಗೆ. ಓದುವವರು ಅಡುಗೆಮನೆಯಲ್ಲೇ ಉಳಿದಿರ್ತಾರೆ, ಬರೆದವರು ಮೈಕ್ ಹಿಡಿದಿರ್ತಾರೆ. ದಾಟುವಾಗ ಮೊದಲ ಪ್ಯಾರಾದ ಒಂದು ವಸ್ತುವನ್ನ ಕೈಯಲ್ಲಿ ಹಿಡ್ಕೊಂಡೇ ದಾಟಬೇಕು. ಅವಳಿಗೆ ಗೋಣಿ, ಕಿಟಕಿ, ಕೆಂಡ, ಲುಂಗಿ ಇದ್ದವು. ಕಿಟಕಿ ಹಿಡ್ಕೊಂಡಳು. ಎರಡನೇ ಪ್ಯಾರಾದ ಮೊದಲ ಸಾಲು ಹೀಗಾಯ್ತು: "ಬೆಂಗಳೂರಿನಲ್ಲಿ ರೂಮು ನೋಡಲು ಹೋದ ಕಡೆಯಲ್ಲೆಲ್ಲ ನಾನು ಮೊದಲು ಅಡುಗೆಮನೆಗೆ ಹೋಗಿ ಕಿಟಕಿ ಯಾರ ಮನೆ ಕಡೆಗಿದೆ ಎಂದು ನೋಡುತ್ತೇನೆ."

ಹದಿನೇಳು ವರ್ಷ ಒಂದು ಸಾಲಲ್ಲಿ ದಾಟಿಬಿಟ್ಟಳು. ಅಲ್ಲಿಂದ ಮುಂದೆ ಅಡ್ವಾನ್ಸು, ಓನರುಗಳು, ಸುಳ್ಳು ಹೇಳಬೇಕಾಗಿ ಬಂದದ್ದು, ಎಲ್ಲಾ ತಾನಾಗೇ ಬಂತು.

ಈ ಪ್ಯಾರಾವನ್ನ ನಮ್ಮ ಬಳಗದಲ್ಲಿ ಜೋರಾಗಿ ಓದಿಸಿದೆ. ಕೇಳಿದವರು ಏನಂತಾರೆ ಅನ್ನೋದೇ ಪರೀಕ್ಷೆ. ಮೊದಲನೇ ಸಲದ ಬರಹ ಓದಿದ್ದಾಗ ಇಬ್ಬರು "ಪಾಪ" ಅಂದಿದ್ರು. "ಪಾಪ" ಅಂದರೆ ಅವರಿಗೆ ಮುಗೀತು, ಕರುಣೆ ಕೊಟ್ಟು ಕೈ ತೊಳ್ಕೊಂಡರು. ಮೂರನೇದು ಓದಿದಾಗ ಯಾರೂ ಪಾಪ ಅನ್ನಲಿಲ್ಲ. ನಮ್ಮ ಬಳಗದ ಹಿರಿಯರೊಬ್ಬರು ನಿವೃತ್ತ ಮೇಷ್ಟ್ರು. ಅವರು "ಆ ಓನರ್‌ಗೆ ಗೊತ್ತಾಯ್ತಾ?" ಅಂತ ಕೇಳಿದರು. ಓದೋರು ಹಾಗೆ ಕೇಳಿದರೆ ಪ್ಯಾರಾ ಕೆಲಸ ಮಾಡಿದೆ ಅಂತ ತಿಳ್ಕೊಳ್ಳಿ.

ಎಲ್ಲಾ ಬರಹಕ್ಕೂ ಅಡುಗೆಮನೆ ಬಾಗಿಲು ಬೇಡ, ಇದನ್ನೂ ಹೇಳಬೇಕು. ಬ್ಯಾಕ್‌ಲಾಗ್ ಹುದ್ದೆ ತುಂಬದ ಬಗ್ಗೆ, ಸ್ಮಶಾನದ ಜಾಗದ ಬಗ್ಗೆ ಬರೆಯುವಾಗ ಒಲೆ ಮುಂದೆ ಕೂರಬೇಡಿ. ಅಲ್ಲಿ ಸರ್ವೆ ನಂಬರಿನಿಂದ ಶುರು ಮಾಡೋದೇ ನೇರ. ಇನ್ನು ಕೆಲವು ಸಲ ಅಡುಗೆಮನೆಯ ನೆನಪು ಬಹಳ ದೊಡ್ಡದಾಗಿರುತ್ತೆ, ಅದು ಮೊದಲ ಪುಟ ತಡೆಯಲ್ಲ. ಓಂಪ್ರಕಾಶ್ ವಾಲ್ಮೀಕಿಯವರ "ಜೂಠನ್" 1997ರಲ್ಲಿ ಹಿಂದಿಯಲ್ಲಿ ಬಂತು. ಜೂಠನ್ ಅಂದರೆ ಎಂಜಲು. ಮದುವೆ ಮನೆಯ ಎಂಜಲು ಹೊತ್ತ ಬುಟ್ಟಿಯನ್ನ ಅವರ ತಾಯಿ ಅಲ್ಲೇ ಬೋರಲು ಹಾಕಿ ಎದ್ದು ಬರೋ ಪ್ರಸಂಗ ಆ ಪುಸ್ತಕಕ್ಕೆ ಹೆಸರನ್ನೇ ಕೊಟ್ಟಿದೆ. ಆದರೆ ಪುಸ್ತಕ ಶುರುವಾಗೋದು ಅಲ್ಲಿಂದ ಅಲ್ಲ, ಅವರ ಮನೆ ಎಲ್ಲಿತ್ತು, ಸುತ್ತ ಏನಿತ್ತು ಅನ್ನೋದರಿಂದ. ಕೇರಿ ಕಣ್ಣಿಗೆ ಕಂಡ ಮೇಲೆ ಆ ತಾಯಿ ಎದ್ದು ನಿಂತರೆ ಎಷ್ಟು ಎತ್ತರ ಅಂತ ಗೊತ್ತಾಗುತ್ತೆ. ನಿಮ್ಮ ನೆನಪು ಅಂಥದ್ದಾದರೆ ಕಾಯಿರಿ, ಮೊದಲಿಗೆ ಅದಕ್ಕಿಂತ ಸಣ್ಣದೊಂದು ಹುಡುಕಿ.

ಆ ಹುಡುಗಿಯ ಪ್ರಬಂಧ ಅಚ್ಚಿಗೆ ಹೋಗೋ ಮುಂಚೆ ಒಂದು ತೊಡಕು ಬಂತು. ಈಗಿರೋ ರೂಮಿನ ಓನರ್‌ಗೆ ಅವಳು ಯಾರು ಅಂತ ಗೊತ್ತಿಲ್ಲ. ಹೆಸರು ಹಾಕಿ ಅಚ್ಚಾದರೆ, ಯಾರಾದರೂ ತೋರಿಸಿದರೆ, ರೂಮು ಹೋಗಬಹುದು. ಎರಡು ವಾರ ಯೋಚನೆ ಮಾಡಿದಳು. ನಾನು ಹಾಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬಾಡಿಗೆ ಕಟ್ಟೋಳು ಅವಳು, ರಾತ್ರಿ ಬಾಗಿಲು ಹಾಕ್ಕೊಂಡು ಮಲಗೋಳು ಅವಳು. ಕೊನೆಗೆ ಬಡಾವಣೆಯ ಹೆಸರು, ಕಂಪನಿಯ ಹೆಸರು ತೆಗೆದಳು. ತನ್ನ ಹೆಸರಿನ ಜಾಗದಲ್ಲಿ ಅವ್ವನ ಹೆಸರು ಹಾಕಿದಳು, ಅವ್ವನನ್ನ ಕೇಳಿಯೇ. ಮೊದಲ ಪ್ಯಾರಾದಲ್ಲಿ ಒಂದಕ್ಷರ ಬದಲಾಯಿಸಲಿಲ್ಲ. ಅದರಲ್ಲಿ ಬದಲಾಯಿಸೋಕೆ ಏನೂ ಇರಲಿಲ್ಲ. ಯಾವ ಊರು, ಯಾವ ಜನ ಅಂತ ಅದು ಹೇಳೇ ಇಲ್ಲ. ಆದರೂ ಗೋಣಿ ಹಾಕಿದ ಮನೆಯವರು ಯಾರೇ ಓದಿದರೂ ಇದು ನಮ್ಮ ಮನೆ ಅಂತ ಗುರುತು ಹಿಡೀತಾರೆ.

ಬರೆಯೋರಿಗೆ ಒಂದು ಕೆಲಸ. ಈ ವಾರ ಹತ್ತು ನೆನಪಿನ ಪಟ್ಟಿ ಮಾಡಿ, ಒಂದೊಂದರ ಮುಂದೆ ಅದು ಹುಟ್ಟಿಸೋ ಪ್ರಶ್ನೆ ಬರೆಯಿರಿ. ಪ್ರಶ್ನೆ ಹುಟ್ಟದವನ್ನ ಹೊಡೆದು ಹಾಕಿ. ಉಳಿದವುಗಳಲ್ಲಿ ನಿಮ್ಮ ವಿಷಯಕ್ಕೆ ತಾಗೋ ಒಂದನ್ನ ಹಿಡಿದು, ಒಂದು ರಾತ್ರಿಯೋ ಒಂದು ಬೆಳಗ್ಗೆಯೋ ಅಂತ ಎಂಟು ಸಾಲು ಬರೆಯಿರಿ, "ಏಕೆಂದರೆ" ಇಲ್ಲದೆ. ಇನ್‌ಬಾಕ್ಸ್‌ಗೆ ಕಳಿಸಿ. ತಿಂಗಳ ಕೊನೆ ವಾರ ಆಫೀಸಲ್ಲಿ ಸಂಬಳದ ಬಿಲ್ಲು ಇರುತ್ತೆ, ಉತ್ತರ ಸ್ವಲ್ಪ ತಡ ಆಗಬಹುದು. ಆದರೆ ಓದ್ತೀನಿ.

ಜೈ ಭೀಮ್.